ಸ್ಕ್ರೀನ್‌ಶಾಟ್ ಕಳ್ಸಿದ್ರೆ ಸಣ್ಣ ಅಕ್ಷರ ಮಸುಕಾಗುತ್ತಾ? ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳ್ಸಿ

ನಮ್ಮ ಮನೇಲಿ ಒಂದು ಜಮೀನಿಗೆ ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರ ತೆಗೆಸ್ಬೇಕಾಗಿತ್ತು. ಊರಲ್ಲಿರೋ ಚಿಕ್ಕಪ್ಪ ಫೋನಲ್ಲೇ ಪಹಣಿ ತೆಗ್ದು, ಮೇಲಿಂದ ಕೆಳಗಿನ ತನಕ ಉದ್ದಕ್ಕೆ ಒಂದು ಸ್ಕ್ರೋಲ್ ಸ್ಕ್ರೀನ್‌ಶಾಟ್ ಹೊಡ್ದು ನಂಗೆ ವಾಟ್ಸಾಪಲ್ಲಿ ಫೋಟೊ ಆಗಿ ಕಳ್ಸಿದ್ರು. ನಾನು ಇಲ್ಲಿ ಬೆಂಗಳೂರಲ್ಲಿ ಕೂತು ಅದನ್ನ ನೋಡ್ಕೊಂಡು ಅರ್ಜಿ ತುಂಬ್ತಾ ಇದ್ದೆ. ಸರ್ವೆ ನಂಬರ್ 83 ಅನ್ನೋದು ದಪ್ಪಕ್ಕೆ ಇತ್ತು, ಗೊತ್ತಾಯ್ತು. ಹಿಸ್ಸಾ ನಂಬರ್ ಮಾತ್ರ ಎಷ್ಟು ಜೂಮ್ ಮಾಡಿದ್ರೂ ಬೂದು ಬಣ್ಣದ ಒಂದು ಉಂಡೆ ತರ ಕಾಣ್ತಿತ್ತು, 3 ಇರ್ಬೇಕು ಅಂತ ಹಾಕ್ಬಿಟ್ಟೆ. ಕೊನೆಗೆ ಬಂದ ಇಸಿ ನಮ್ದಲ್ಲ, ಪಕ್ಕದ ಹಿಸ್ಸಾದವರದ್ದು. ಚಿಕ್ಕಪ್ಪಂಗೆ ಫೋನ್ ಮಾಡಿದ್ರೆ "ಇಲ್ಲ ಮಗ, ಅದು ಎಂಟು, ನನ್ ಫೋನಲ್ಲಿ ನೀಟಾಗಿ ಕಾಣ್ತೈತೆ ನೋಡು" ಅಂದ್ರು. ಅವರು ಹೇಳಿದ್ದೂ ಸುಳ್ಳಲ್ಲ, ಅವರ ಫೋನಲ್ಲಿ ಇದ್ದ ಫೈಲೇ ಬೇರೆ, ನಂಗೆ ಬಂದ ಫೈಲೇ ಬೇರೆ.

ಕಟ್ಟಿದ ದುಡ್ಡೂ ಹೋಯ್ತು, ದಿನಗಳೂ ಹೋದವು, ಮತ್ತೆ ಮೊದಲಿಂದ ಅರ್ಜಿ. ಅವತ್ತಿಂದ ನಮ್ಮ ಮನೇಲಿ ಅಕ್ಷರ ಇರೋ ಯಾವ್ದೇ ಸ್ಕ್ರೀನ್‌ಶಾಟ್ ಆದ್ರೂ ಡಾಕ್ಯುಮೆಂಟ್ ಆಗೇ ಕಳ್ಸೋದು. ಹೇಗೆ ಅಂತ ಪೂರ್ತಿ ಬರೀತೀನಿ, ಯಾಕೆ ಹಾಗಾಗುತ್ತೆ ಅಂತಾನೂ ಬರೀತೀನಿ, ಯಾಕಂದ್ರೆ ಕಾರಣ ಗೊತ್ತಿದ್ರೆ ಯಾವಾಗ ಫೋಟೊ ಆಗಿ ಕಳ್ಸಿದ್ರೂ ಪರವಾಗಿಲ್ಲ ಅನ್ನೋದೂ ನಿಮಗೇ ತಿಳಿಯುತ್ತೆ.

ಒಳಗೆ ಏನಾಗುತ್ತೆ

ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಎಲ್ಲಾ ಫೋಟೊನ ಕಳ್ಸೋಕೆ ಮುಂಚೆ ಚಿಕ್ಕದು ಮಾಡ್ತವೆ, ಡೇಟಾ ಕಡಿಮೆ ಆಗ್ಲಿ, ಬೇಗ ಹೋಗ್ಲಿ ಅಂತ. ಇದ್ರಲ್ಲಿ ಎರಡು ಕೆಲಸ ನಡೆಯುತ್ತೆ, ಎರಡೂ ಬೇರೆ ಬೇರೆ.

ಮೊದಲನೇದು ಅಳತೆ ಕಡಿಮೆ ಮಾಡೋದು. ವಾಟ್ಸಾಪಲ್ಲಿ ಮಾಮೂಲಿ ಕ್ವಾಲಿಟೀಲಿ ಕಳ್ಸಿದ್ರೆ ಫೋಟೊದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ, ಅಂದ್ರೆ ಚಿತ್ರದ 1600 ಚುಕ್ಕೆಗೆ ಇಳಿಯುತ್ತೆ, ಅಗಲಾನೂ ಅದೇ ಲೆಕ್ಕದಲ್ಲಿ ಇಳಿಯುತ್ತೆ. ಈಗಿನ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳ ಸ್ಕ್ರೀನ್ 1080 ಅಗಲ, 2400 ಉದ್ದ ಇರುತ್ತೆ. ಅದರ ಸ್ಕ್ರೀನ್‌ಶಾಟ್ ಕಳ್ಸಿದ್ರೆ ಆ ಕಡೆ ಹೋಗೋದು 720 ಅಗಲ 1600 ಉದ್ದದ ಚಿತ್ರ, ಅಂದ್ರೆ ಮೂರರಲ್ಲಿ ಎರಡು ಪಾಲು. ಇಷ್ಟಾದ್ರೆ ಕಣ್ಣು ಚುರುಕಿದ್ದವರು ಹೇಗೋ ಓದ್ಕೊಬಹುದು. ಆದ್ರೆ ಚಿಕ್ಕಪ್ಪ ಕಳ್ಸಿದ್ದು ಉದ್ದದ ಸ್ಕ್ರೋಲ್ ಸ್ಕ್ರೀನ್‌ಶಾಟ್ ಅಲ್ವಾ, ಅದು 1080 ಅಗಲ, 6400 ಉದ್ದ ಇತ್ತು. 6400 ಹೋಗಿ 1600 ಆಯ್ತು ಅಂದ್ರೆ ಕಾಲು ಭಾಗ, ಹಾಗಾಗಿ 1080 ಅಗಲಾನೂ ಕಾಲು ಭಾಗಕ್ಕೆ ಬಂದು 270 ಆಯ್ತು. ಪೂರ್ತಿ ಪಹಣಿಯ ಅಗಲ ಬರೀ 270 ಚುಕ್ಕೆಲಿ! ಅವರ ಫೋನಲ್ಲಿ 28 ಚುಕ್ಕೆ ಎತ್ತರ ಇದ್ದ ಅಂಕಿ ನಂಗೆ ಬರೋವಾಗ 7 ಚುಕ್ಕೆ. 3ಕ್ಕೂ 8ಕ್ಕೂ ಇರೋ ವ್ಯತ್ಯಾಸ ಏನು ಹೇಳಿ, 3ರ ಎಡಗಡೆ ತೆರೆದಿರುತ್ತೆ, 8ರದ್ದು ಮುಚ್ಚಿರುತ್ತೆ, ಅಷ್ಟೇ. ಆ ತೆರೆದ ಜಾಗ ಅಂಕಿಯ ಎತ್ತರ 7 ಚುಕ್ಕೆ ಆದಾಗ ಒಂದೋ ಎರಡೋ ಚುಕ್ಕೆಗೆ ಬಂದ್ಬಿಡುತ್ತೆ. ಅದಕ್ಕೇ ಉದ್ದದ ಸ್ಕ್ರೀನ್‌ಶಾಟ್ ಫೋಟೊ ಆಗಿ ಕಳ್ಸೋದು ಎಲ್ಲಕ್ಕಿಂತ ಕೆಟ್ಟದ್ದು, ಎಷ್ಟು ಉದ್ದ ಹೊಡೀತೀರೋ ಅಷ್ಟು ಅಕ್ಷರ ಸಣ್ಣ ಆಗ್ತಾ ಹೋಗುತ್ತೆ.

ಎರಡನೇ ಕೆಲಸ ಜೆಪೆಗ್ ಮಾಡೋದು. ಸ್ಕ್ರೀನ್‌ಶಾಟ್ ಸಾಮಾನ್ಯವಾಗಿ ಪಿಎನ್‌ಜಿ ಫೈಲ್ ಆಗಿರುತ್ತೆ (ಕೆಲವು ಫೋನ್‌ಗಳಲ್ಲಿ ಮೊದಲೇ ಜೆಪೆಗ್ ಇರುತ್ತೆ), ಪಿಎನ್‌ಜಿಲಿ ಒಂದೊಂದು ಚುಕ್ಕೆನೂ ಇದ್ದದ್ದು ಇದ್ದಂಗೇ ಇರುತ್ತೆ. ಜೆಪೆಗ್ ಹಾಗಲ್ಲ, ಅದು ಚಿತ್ರಾನ 8 ಚುಕ್ಕೆ ಅಗಲ 8 ಚುಕ್ಕೆ ಉದ್ದದ ಚೌಕ ಚೌಕ ಮಾಡ್ಕೊಂಡು, ಒಂದೊಂದು ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ವಿವರ ಬಿಟ್ಬಿಡುತ್ತೆ. ಮುಖ, ಗಿಡ, ಆಕಾಶ ಇದ್ರೆ ಯಾರಿಗೂ ಗೊತ್ತಾಗಲ್ಲ. ಬಿಳಿ ಹಾಳೆ ಮೇಲೆ ಕಪ್ಪು ಅಕ್ಷರ ಅಂದ್ರೆ ಎಲ್ಲಾ ಬರೀ ಚೂಪಾದ ಅಂಚುಗಳೇ, ಆ ಅಂಚೇ ಕರಗೋದು. ಅಕ್ಷರದ ಸುತ್ತ ಧೂಳು ಮೆತ್ತಿದ ಹಾಗೆ ಬೂದು ಬೂದು ಕಾಣುತ್ತಲ್ಲ, ಅದು ಇದೇ. ಬಣ್ಣದ ವಿವರಾನಂತೂ ಇನ್ನೂ ಕಡಿಮೆ ಇಟ್ಕೊಳ್ಳುತ್ತೆ, ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಸೇರಿ ಒಂದು ಬಣ್ಣ. ಅದಕ್ಕೇ ಕೆಂಪು ಅಕ್ಷರ ಕಪ್ಪಿಗಿಂತ ಮೊದಲು ಕೆಡೋದು. ಲ್ಯಾಬ್ ರಿಪೋರ್ಟಲ್ಲಿ ಜಾಸ್ತಿ ಇರೋ ವ್ಯಾಲ್ಯೂನ ಕೆಂಪಲ್ಲಿ ಹಾಕಿರ್ತಾರೆ, ಡಾಕ್ಟ್ರಿಗೆ ಕಳ್ಸೋವಾಗ ಬೇಕಾಗಿರೋ ಅಂಕಿನೇ ಮೊದಲು ಹೋಗುತ್ತೆ.

ಕನ್ನಡಕ್ಕೆ ಇದ್ರ ಏಟು ಇಂಗ್ಲಿಷ್‌ಗಿಂತ ಜಾಸ್ತಿ, ಇದನ್ನ ಯಾರೂ ಅಷ್ಟಾಗಿ ಗಮನಿಸಲ್ಲ. ನಮ್ಮ ಲಿಪೀಲಿ ದ ಮತ್ತು ಧಕ್ಕೆ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಬ ಮತ್ತು ಭಕ್ಕೂ ಅದೇ. ಪ ಮತ್ತು ಷಕ್ಕೆ ಹೊಟ್ಟೆ ಒಳಗಿನ ಒಂದು ಗೆರೆ. ಅದರ ಮೇಲೆ ಒತ್ತಕ್ಷರ ಬೇರೆ, ಅದು ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂತಿರುತ್ತೆ. ಪಹಣೀಲಿ ಸಿದ್ದಯ್ಯ ಅಂತ ಇದೆಯೋ ಸಿದ್ಧಯ್ಯ ಅಂತ ಇದೆಯೋ ಅನ್ನೋದು ನಿಂತಿರೋದು ಒತ್ತಕ್ಷರದ ಕೆಳಗಿನ ಆ ಸೀಳಿನ ಮೇಲೆ, ಅದು ಸ್ಕ್ರೀನಲ್ಲಿ ಒಂದೋ ಎರಡೋ ಚುಕ್ಕೆ ಅಷ್ಟೇ ಇರುತ್ತೆ. ಆಧಾರಲ್ಲಿ ಒಂದು ತರ, ಪಹಣೀಲಿ ಒಂದು ತರ ಹೆಸರಿದ್ರೆ ಎಷ್ಟು ಓಡಾಟ ಅಂತ ಅನುಭವಿಸಿದವರಿಗೆ ಗೊತ್ತು, ಮಸುಕಾದ ಚಿತ್ರ ನೋಡಿ ಟೈಪ್ ಮಾಡಿ ಆ ತಪ್ಪನ್ನ ನಾವೇ ಹೊಸದಾಗಿ ಹುಟ್ಟಿಸ್ಬಾರ್ದು.

ಬಂದಿರೋ ಚಿತ್ರ ನಿಜವಾಗ್ಲೂ ಕೆಟ್ಟಿದೆಯಾ ಅಂತ ನೋಡೋದು

ಮೊದಲು ಒಂದು ಸಲ ಅದನ್ನ ಪೂರ್ತಿ ಡೌನ್‌ಲೋಡ್ ಆಗೋಕೆ ಬಿಡಿ. ಡೌನ್‌ಲೋಡ್ ಆಗೋ ತನಕ ಕಾಣೋದು ಬರೀ ಮಬ್ಬು ಮುನ್ನೋಟ, ಅದನ್ನ ನೋಡಿ ಹಾಳಾಗಿದೆ ಅಂದ್ಕೊಬೇಡಿ. ಡೌನ್‌ಲೋಡ್ ಆದ್ಮೇಲೂ ಜೂಮ್ ಮಾಡಿದಾಗ ಅಕ್ಷರ ಗೊತ್ತಾಗಲ್ಲ ಅಂದ್ರೆ, ಗ್ಯಾಲರೀಲಿ ಆ ಚಿತ್ರ ತೆಗ್ದು ಅದರ ಡೀಟೇಲ್ಸ್ ನೋಡಿ. ಗೂಗಲ್ ಫೋಟೋಸಲ್ಲಿ ಚಿತ್ರಾನ ಮೇಲಕ್ಕೆ ಎಳೆದ್ರೆ ಬರುತ್ತೆ, ಐಫೋನಲ್ಲಿ ಕೆಳಗಿರೋ i ಗುರುತು ಒತ್ತಿದ್ರೆ ಬರುತ್ತೆ. ಅಲ್ಲಿ ಅಗಲ ಉದ್ದ ಎಷ್ಟಿದೆ ಅಂತ ಇರುತ್ತೆ. ಉದ್ದ 1600 ಅಂತ ಇದ್ರೆ ದಾರೀಲಿ ಚಿಕ್ಕದಾಗಿ ಬಂದಿದೆ ಅಂತಾನೇ ಲೆಕ್ಕ.

ಆಂಡ್ರಾಯ್ಡಲ್ಲಿ ಇನ್ನೊಂದು ಸುಲಭದ ಗುರುತಿದೆ, ಫೈಲಿನ ಹೆಸರು. ಸ್ವಂತ ಫೋನಲ್ಲಿ ಹೊಡೆದ ಸ್ಕ್ರೀನ್‌ಶಾಟ್ ಹೆಸರು Screenshot ಅಂತ ಶುರುವಾಗುತ್ತೆ. ವಾಟ್ಸಾಪಲ್ಲಿ ಫೋಟೊ ಆಗಿ ಬಂದದ್ದು ಈ ತರ ಇರುತ್ತೆ:

```
IMG-20250614-WA0007.jpg
```

IMG ಜೊತೆ ಆ WA ಕಂಡ್ರೆ ಅದು ಈಗಾಗ್ಲೇ ಒಂದು ಸಲ ಹಿಂಡಿಸ್ಕೊಂಡು ಬಂದ ಫೈಲು. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಎಷ್ಟೋ ಜನ ಮಸುಕಾಗಿ ಬಂದಿದ್ದನ್ನೇ ಡಾಕ್ಯುಮೆಂಟ್ ಮಾಡಿ ಇನ್ನೊಬ್ಬರಿಗೆ ಕಳ್ಸಿ, "ಡಾಕ್ಯುಮೆಂಟ್ ಆಗಿ ಕಳ್ಸಿದೆ, ಆದ್ರೂ ಮಸುಕು" ಅಂತಾರೆ. ಹೋದ ವಿವರ ವಾಪಸ್ ಬರಲ್ಲ. ಡಾಕ್ಯುಮೆಂಟ್ ಇದ್ದದ್ದನ್ನ ಕಾಪಾಡುತ್ತೆ ಅಷ್ಟೇ, ಇಲ್ಲದ್ದನ್ನ ತರಲ್ಲ. ಹಾಗಾಗಿ ಮೊದಲು ಯಾರ ಫೋನಲ್ಲಿ ಸ್ಕ್ರೀನ್‌ಶಾಟ್ ಹೊಡೆದ್ರೋ ಅವರೇ, ಅವರ ಫೋನಿಂದಾನೇ ಕಳ್ಸಬೇಕು.

ಕಳ್ಸೋ ಕ್ರಮ

ಆಂಡ್ರಾಯ್ಡ್ ವಾಟ್ಸಾಪಲ್ಲಿ, ಯಾರಿಗೆ ಕಳ್ಸಬೇಕೋ ಅವರ ಚಾಟ್ ತೆಗೀರಿ. ಕೆಳಗೆ ಟೈಪ್ ಮಾಡೋ ಜಾಗದಲ್ಲಿರೋ ಪಿನ್ ಗುರುತು ಒತ್ತಿ. ಅಲ್ಲಿ Gallery, Camera, Document ಅಂತ ಬರುತ್ತೆ. ಎಲ್ಲರ ಕೈ ರೂಢಿಯಿಂದ Gallery ಕಡೆ ಹೋಗುತ್ತೆ, ಅಲ್ಲೇ ತಪ್ಪೋದು. Document ಒತ್ತಿ. ಆಮೇಲೆ ಬರೋ ಪುಟದಲ್ಲಿ Choose from gallery ಅಂತ ಇದ್ರೆ ಅದನ್ನೇ ಒತ್ತಿ, ನಿಮ್ಮ ಫೋಟೊಗಳು ಮಾಮೂಲಿ ತರಾನೇ ಕಾಣ್ತವೆ, ಬೇಕಾದ ಸ್ಕ್ರೀನ್‌ಶಾಟ್ ಆರಿಸಿ ಕಳ್ಸಿ. ಗ್ಯಾಲರಿಯಿಂದಾನೇ ತಗೊಂಡ್ರೂ Document ದಾರೀಲಿ ಬಂದಿರೋದ್ರಿಂದ ಅದು ಫೈಲಾಗೇ ಹೋಗುತ್ತೆ.

ಆ ಆಯ್ಕೆ ನಿಮ್ಮ ಫೋನಲ್ಲಿ ಇಲ್ಲ ಅಂದ್ರೆ ಫೈಲ್ ಹುಡುಕೋ ಆಯ್ಕೆ ಇರುತ್ತೆ, ಅದನ್ನ ಒತ್ತಿ. ಇತ್ತೀಚಿನ ಫೈಲ್‌ಗಳ ಪಟ್ಟಿ ಬರುತ್ತೆ, ಈಗಷ್ಟೇ ಹೊಡೆದ ಸ್ಕ್ರೀನ್‌ಶಾಟ್ ಆದ್ರೆ ಅಲ್ಲೇ ಮೇಲ್ಗಡೆ ಸಿಕ್ಕಿಬಿಡುತ್ತೆ. ಸಿಗ್ಲಿಲ್ವಾ, ಈ ಎರಡು ಜಾಗದಲ್ಲಿ ಒಂದರಲ್ಲಿ ಇರುತ್ತೆ, ಸ್ಯಾಮ್‌ಸಂಗ್ ಮತ್ತು ಶಿಯೋಮಿ ಫೋನ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೇದು, ಗೂಗಲ್ ಪಿಕ್ಸೆಲ್ ಫೋನಲ್ಲಿ ಎರಡನೇದು:

```
DCIM/Screenshots
Pictures/Screenshots
```

ಐಫೋನಲ್ಲಿ ಟೈಪ್ ಮಾಡೋ ಜಾಗದ ಎಡಗಡೆ + ಗುರುತು, ಅದ್ರಲ್ಲಿ Document, ಅಲ್ಲೂ ಫೈಲ್ಸ್ ಇಂದ ತಗೋಬೇಕಾ ಫೋಟೊ ಇಂದ ತಗೋಬೇಕಾ ಅಂತ ಕೇಳುತ್ತೆ. ಫೋಟೊ ಆರಿಸಿದ್ರೆ ಸಾಕು. ಹಳೇ ವರ್ಷನ್ ಆಗಿದ್ದು ಫೋಟೊ ಆಯ್ಕೆ ಕಾಣ್ಲಿಲ್ಲ ಅಂದ್ರೆ, ಫೋಟೋಸಲ್ಲಿ ಸ್ಕ್ರೀನ್‌ಶಾಟ್ ತೆಗ್ದು, ಶೇರ್ ಗುರುತು ಒತ್ತಿ Save to Files ಮಾಡಿ, ಆಮೇಲೆ Document ಇಂದ ಬಂದು ತಗೊಳ್ಳಿ.

ಕಂಪ್ಯೂಟರಲ್ಲಿ ವಾಟ್ಸಾಪ್ ಬಳಸೋರು ಒಂದು ಜಾಗದಲ್ಲಿ ಎಡವ್ತಾರೆ. ವಿಂಡೋಸಲ್ಲಿ Win+Shift+S ಒತ್ತಿ ಸ್ಕ್ರೀನ್ ಕತ್ತರಿಸ್ಕೊಂಡು ನೇರವಾಗಿ ಚಾಟಲ್ಲಿ Ctrl+V ಮಾಡ್ತಾರೆ, ಅದು ಫೋಟೊ ಆಗೇ ಹೋಗೋದು. ಎಕ್ಸೆಲ್ ಶೀಟೋ ಟ್ಯಾಲಿ ರಿಪೋರ್ಟೋ ಹೀಗೆ ಕಳ್ಸಿದ್ರೆ ಆ ಕಡೆ ಆಡಿಟರ್ ಒಂದು ಅಂಕಿನೂ ಓದೋಕಾಗ್ದೆ ವಾಪಸ್ ಫೋನ್ ಮಾಡ್ತಾರೆ. ಕತ್ತರಿಸಿದ್ದನ್ನ ಮೊದಲು ಪಿಎನ್‌ಜಿ ಆಗಿ ಡೆಸ್ಕ್‌ಟಾಪಲ್ಲಿ ಸೇವ್ ಮಾಡಿ, ಆಮೇಲೆ ಅಟ್ಯಾಚ್ ಗುರುತಲ್ಲಿ Document ಆರಿಸಿ ಆ ಫೈಲ್ ತಗೊಳ್ಳಿ.

ಟೆಲಿಗ್ರಾಂ ಆದ್ರೆ ಅಟ್ಯಾಚ್ ಒತ್ತಿದಾಗ File ಅಂತ ಇರುತ್ತೆ, ಅದ್ರಿಂದ ಹೋದ್ರೆ ಹಿಂಡಲ್ಲ. ಸಿಗ್ನಲಲ್ಲೂ File ಆಯ್ಕೆ ಇದೆ. ಕೆಲಸ ಎಲ್ಲಾ ಕಡೆ ಒಂದೇ, ಚಿತ್ರಾನ ಚಿತ್ರ ಅಂತ ಕೊಡದೆ ಫೈಲ್ ಅಂತ ಕೊಡೋದು.

ಕಳ್ಸಿದ್ಮೇಲೆ ಚಾಟ್ ನೋಡಿದ್ರೆ ಸರಿಯಾಗಿ ಹೋಯ್ತಾ ಇಲ್ವಾ ಅಂತ ತಕ್ಷಣ ಗೊತ್ತಾಗುತ್ತೆ. ಬರೀ ಚಿತ್ರ ಕಂಡ್ರೆ ಫೋಟೊ ಆಗಿ ಹೋಗಿದೆ. ಫೈಲಿನ ಹೆಸರು, ಎಷ್ಟು ಕೆಬಿ, PNG ಅಥವಾ JPG ಅನ್ನೋದು ಕಂಡ್ರೆ ಡಾಕ್ಯುಮೆಂಟ್ ಆಗಿ ಹೋಗಿದೆ. ಮೊದಲ ಸಲ ಮಾಡೋರು ನಿಮಗೆ ನೀವೇ ಮೆಸೇಜ್ ಕಳ್ಸೋ ಚಾಟ್ ಇದ್ಯಲ್ಲ, ಅದಕ್ಕೆ ಒಂದೇ ಸ್ಕ್ರೀನ್‌ಶಾಟನ್ನ ಒಂದು ಸಲ ಫೋಟೊ ಆಗಿ ಇನ್ನೊಂದು ಸಲ ಡಾಕ್ಯುಮೆಂಟ್ ಆಗಿ ಕಳ್ಸಿ ನೋಡಿ, ಎರಡರಲ್ಲೂ ಒಂದೇ ಸಾಲನ್ನ ಜೂಮ್ ಮಾಡಿ. ನಾನು ಚಿಕ್ಕಪ್ಪಂಗೆ ಹೀಗೇ ತೋರಿಸಿದ್ದು, ಆಮೇಲೆ ಮತ್ತೆ ಹೇಳೋ ಅವಶ್ಯಕತೇನೇ ಬರ್ಲಿಲ್ಲ.

ಎಚ್‌ಡಿ ಒತ್ತಿದ್ರೆ ಸಾಲ್ದಾ?

ಇದನ್ನ ಎಲ್ಲರೂ ಕೇಳ್ತಾರೆ. ವಾಟ್ಸಾಪಲ್ಲಿ 2023ರಲ್ಲಿ ಎಚ್‌ಡಿ ಬಂತು, ಫೋಟೊ ಕಳ್ಸೋವಾಗ ಮೇಲ್ಗಡೆ HD ಅಂತ ಗುರುತು ಇರುತ್ತೆ. ಮಾಮೂಲಿಗಿಂತ ಅದು ಎಷ್ಟೋ ಮೇಲು, ಒಂದೇ ಸ್ಕ್ರೀನ್ ಅಳತೆಯ ಸ್ಕ್ರೀನ್‌ಶಾಟ್ ಆದ್ರೆ ಅಕ್ಷರ ಓದೋ ಹಾಗೇ ಬರುತ್ತೆ. ಆದ್ರೆ ಅದೂ ಹಿಂಡೇ ಕಳ್ಸೋದು, ಸ್ವಲ್ಪ ಕಡಿಮೆ ಹಿಂಡುತ್ತೆ ಅಷ್ಟೇ, ಅದಕ್ಕೂ ಒಂದು ಅಳತೆಯ ಮಿತಿ ಇದೆ. ಪಹಣಿ ತರ ಉದ್ದದ ಸ್ಕ್ರೋಲ್ ಸ್ಕ್ರೀನ್‌ಶಾಟ್‌ಗೆ ಎಚ್‌ಡಿ ನಂಬ್ಕೋಬೇಡಿ. ಮದುವೆ ಫೋಟೊ, ಮಕ್ಕಳ ಫೋಟೊಗೆ ಎಚ್‌ಡಿ, ಅಂಕಿ ಅಕ್ಷರಕ್ಕೆ ಡಾಕ್ಯುಮೆಂಟ್, ನಾನು ಇಟ್ಕೊಂಡಿರೋ ಲೆಕ್ಕ ಇದು.

ಅವಸರದಲ್ಲಿ ಒಂದೇ ಒಂದು ಸಾಲು ತೋರಿಸ್ಬೇಕು ಅಂದ್ರೆ ಇನ್ನೊಂದು ದಾರಿ ಇದೆ. ಸ್ಕ್ರೀನ್‌ಶಾಟಲ್ಲಿ ಬೇಕಾದ ಭಾಗ ಮಾತ್ರ ಕ್ರಾಪ್ ಮಾಡಿ ಫೋಟೊ ಆಗೇ ಕಳ್ಸಿ. 1080 ಅಗಲ 500 ಉದ್ದದ ತುಂಡು ಅಂದ್ರೆ ಎರಡು ಬದೀನೂ 1600ಕ್ಕಿಂತ ಕಡಿಮೆ, ಹಾಗಾಗಿ ಅಳತೆ ಇಳಿಸೋ ಕೆಲಸಾನೇ ನಡೆಯಲ್ಲ, ಬರೀ ಜೆಪೆಗ್ ಆಗುತ್ತೆ. ಚಿಕ್ಕಪ್ಪ ಅವತ್ತು ಪೂರ್ತಿ ಪುಟದ ಬದ್ಲು ಹಿಸ್ಸಾ ನಂಬರ್ ಇರೋ ಆ ಎರಡು ಸಾಲು ಕತ್ತರಿಸಿ ಕಳ್ಸಿದ್ರೂ ನಾನು 8 ಅಂತಾನೇ ಓದ್ತಿದ್ದೆ. ಕೆಂಪು ಪೆನ್ನಲ್ಲಿ ಗುರುತು ಹಾಕೋ ಅಭ್ಯಾಸ ಇದ್ರೆ ಅಂಕಿಗೆ ತಾಗಿಸಿ ಸುತ್ತು ಹಾಕ್ಬೇಡಿ, ಪಕ್ಕದಲ್ಲಿ ಬಾಣ ಹಾಕಿ, ಇಲ್ಲಾಂದ್ರೆ ಆ ಕೆಂಪು ಬಣ್ಣ ಅಂಕಿಗೂ ಮೆತ್ಕೊಳ್ಳುತ್ತೆ.

ಮೂಲವೇ ಪಿಡಿಎಫ್ ಆಗಿದ್ರೆ, ಅಂದ್ರೆ ಲ್ಯಾಬ್ ರಿಪೋರ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಹಾಲ್ ಟಿಕೆಟ್ಟು, ಸ್ಕ್ರೀನ್‌ಶಾಟ್ ಹೊಡೆಯೋದೇ ಬೇಡ, ಆ ಪಿಡಿಎಫನ್ನೇ ಡೌನ್‌ಲೋಡ್ ಮಾಡಿ ಕಳ್ಸಿ. ಅದ್ರಲ್ಲಿ ಅಕ್ಷರ ಅಕ್ಷರವಾಗೇ ಇದ್ರೆ ಎಷ್ಟು ಜೂಮ್ ಮಾಡಿದ್ರೂ ಒಡೆಯಲ್ಲ. ಬ್ರೌಸರಲ್ಲಿ ತೆಗ್ದಿರೋ ಪುಟ ಆದ್ರೆ ಆಂಡ್ರಾಯ್ಡ್ ಕ್ರೋಮಲ್ಲಿ Share ಒತ್ತಿ Print, ಪ್ರಿಂಟರ್ ಜಾಗದಲ್ಲಿ Save as PDF ಆರಿಸಿ ಸೇವ್ ಮಾಡ್ಕೊಬಹುದು.

ಆ ಕಡೆಯವರಿಗೆ ಆಗೋ ತೊಂದರೆ

ಡಾಕ್ಯುಮೆಂಟ್ ಆಗಿ ಕಳ್ಸಿದ್ರೆ ಪಡೆಯೋರಿಗೆ ಒಂದೆರಡು ಕಡೆ ಗೊಂದಲ ಆಗುತ್ತೆ, ಮುಂಚೇನೇ ಹೇಳಿಡಿ. ಮೊಬೈಲ್ ಡೇಟಾದಲ್ಲಿ ಇದ್ರೆ ಫೋಟೊ ತಾನಾಗೇ ಡೌನ್‌ಲೋಡ್ ಆಗುತ್ತೆ, ಡಾಕ್ಯುಮೆಂಟ್ ಮಾಮೂಲಿ ಸೆಟ್ಟಿಂಗಲ್ಲಿ ಆಗಲ್ಲ, ಅವರೇ ಕೆಳಮುಖದ ಬಾಣ ಒತ್ತಬೇಕು. ನಮ್ಮಮ್ಮ ಮೊದಲನೇ ಸಲ "ಏನೋ ಫೈಲ್ ಬಂದಿದೆ ಕಣೋ, ಏನೂ ಕಾಣ್ತಿಲ್ಲ" ಅಂದಿದ್ರು, ಆ ಬಾಣ ಒತ್ತಿ ಅಮ್ಮ ಅಂದ್ಮೇಲೆ ತೆಗೆದ್ರು. ಹಾಗೇ ಗ್ಯಾಲರೀಲಿ ಹುಡುಕಿದ್ರೆ ಅದು ಕಾಣದೇ ಇರಬಹುದು, ಚಾಟಲ್ಲೇ ಒತ್ತಿ ತೆಗೀಬೇಕು ಅಂತ ಒಂದು ಸಾಲು ಬರ್ದು ಹಾಕಿ.

ಝೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸೋವಾಗ ಇದು ಇನ್ನೂ ಮುಖ್ಯ. ಅಂಗಡಿಯವರು ಗೋಡೆ ಮೇಲೆ ನಂಬರ್ ಅಂಟಿಸಿರ್ತಾರೆ, ಎಲ್ಲರೂ ಅಲ್ಲೇ ನಿಂತು ಗ್ಯಾಲರಿಯಿಂದ ಕಳ್ಸಿಬಿಡ್ತಾರೆ. 720 ಚುಕ್ಕೆ ಅಗಲದ ಚಿತ್ರಾನ 8 ಇಂಚು ಅಗಲದ ಹಾಳೆ ತುಂಬ ಎಳೆದ್ರೆ ಒಂದು ಇಂಚಿಗೆ 90 ಚುಕ್ಕೆ ಸಿಗುತ್ತೆ, ಒಳ್ಳೇ ಪ್ರಿಂಟಿಗೆ 300 ಬೇಕು ಅಂತಾರೆ. ಫೋನಲ್ಲಿ ಪರವಾಗಿಲ್ಲ ಅನ್ನಿಸಿದ್ದು ಹಾಳೆ ಮೇಲೆ ಹರಡ್ಕೊಂಡು ಬರುತ್ತೆ, ದುಡ್ಡು ಕೊಟ್ಟ ಮೇಲೆ ಗೊತ್ತಾಗುತ್ತೆ. ಡಾಕ್ಯುಮೆಂಟ್ ಆಗಿ ಕಳ್ಸಿದ್ರೆ ಕನಿಷ್ಠ ನಿಮ್ಮ ಫೋನಲ್ಲಿರೋ 1080 ಪೂರ್ತಿ ಹೋಗುತ್ತೆ, ಪಿಡಿಎಫ್ ಸಿಕ್ಕಿದ್ರೆ ಅದೇ ಎಲ್ಲಕ್ಕಿಂತ ಒಳ್ಳೇದು.

ಕೊನೇದಾಗಿ ಒಂದು ಎಚ್ಚರಿಕೆ. ಡಾಕ್ಯುಮೆಂಟ್ ಅಂದ್ರೆ ಫೈಲು ಇದ್ದಂಗೇ ಹೋಗೋದು, ಅಂದ್ರೆ ಅದ್ರ ಹೆಸರೂ ಹೋಗುತ್ತೆ, ಅದ್ರೊಳಗೆ ಅಂಟ್ಕೊಂಡಿರೋ ಮಾಹಿತೀನೂ ಹೋಗುತ್ತೆ. ಕೆಲವು ಫೋನ್‌ಗಳಲ್ಲಿ ಸ್ಕ್ರೀನ್‌ಶಾಟಿನ ಹೆಸರಲ್ಲೇ ದಿನಾಂಕ, ಸಮಯ, ಯಾವ ಆ್ಯಪಲ್ಲಿ ಹೊಡೆದದ್ದು ಅಂತ ಇರುತ್ತೆ, ಬೇಡ ಅನ್ನಿಸಿದ್ರೆ ಹೆಸರು ಬದಲಾಯಿಸಿ ಕಳ್ಸಿ. ಕ್ಯಾಮರಾದಲ್ಲಿ ತೆಗೆದ ಫೋಟೊ ಆದ್ರೆ ಲೊಕೇಶನ್ ಆನ್ ಇದ್ದಾಗ ಎಲ್ಲಿ ತೆಗೆದದ್ದು ಅನ್ನೋದೂ ಫೈಲೊಳಗೇ ಇರುತ್ತೆ, ಅದೂ ಜೊತೇಲಿ ಹೋಗುತ್ತೆ, ಗೊತ್ತಿಲ್ಲದವರಿಗೆ ಮನೇಲಿ ತೆಗೆದ ಫೋಟೊ ಡಾಕ್ಯುಮೆಂಟ್ ಆಗಿ ಕಳ್ಸಬೇಡಿ. ಮತ್ತೆ ಮಸುಕಾಗಿ ಹೋಗ್ತಿದ್ದಾಗ ಓದೋಕಾಗದೆ ಇದ್ದ ಮೂಲೆಯ ಸಣ್ಣ ಅಕ್ಷರಗಳು, ಮೇಲ್ಗಡೆ ಬಂದಿರೋ ನೋಟಿಫಿಕೇಶನ್ನು, ಬ್ಯಾಂಕ್ ಬ್ಯಾಲೆನ್ಸು, ಇವೆಲ್ಲಾ ಈಗ ನೀಟಾಗಿ ಓದೋ ಹಾಗೆ ಹೋಗ್ತವೆ. ಕಳ್ಸೋಕೆ ಮುಂಚೆ ಬೇಡದ್ದನ್ನ ಕ್ರಾಪ್ ಮಾಡಿ. ಹೈಲೈಟರ್ ತರದ ಪೆನ್ನಲ್ಲಿ ಕಪ್ಪು ಬಳಿದ್ರೆ ಹಿಂದಿನ ಅಕ್ಷರ ಕಾಣುತ್ತೆ, ಕ್ರಾಪೇ ಮಾಡಿ.

ಚಿಕ್ಕಪ್ಪ ಎರಡನೇ ಸಲ ಅದೇ ಪಹಣೀನ ಡಾಕ್ಯುಮೆಂಟ್ ಆಗಿ ಕಳ್ಸಿದ್ರು. 1080 ಅಗಲ, 6400 ಉದ್ದ, ಒಂದು ಚುಕ್ಕೆ ಕಡಿಮೆ ಇಲ್ದೆ ಬಂತು. ಹಿಸ್ಸಾ 8, ವಿಸ್ತೀರ್ಣ 1 ಎಕರೆ 36 ಗುಂಟೆ. ಮೊದಲ ಚಿತ್ರದಲ್ಲಿ ಆ 36ನ ನಾನು 38 ಅಂತ ಓದಿದ್ದೆ ಅನ್ನೋದು ಆಗ್ಲೇ ಗೊತ್ತಾಗಿದ್ದು.